ಮಸುಕಾದ ಫೋಟೊ ಮತ್ತು ಒಂದು ಅಂಕಿಯ ತಪ್ಪು

ಕಪ್ಪು ಹಿನ್ನೆಲೆಯ ಮೇಲೆ ಒಂದೇ ಒಂದು ಬೆಳಕಿನ ಚುಕ್ಕೆ ಇರುವ ಚಿತ್ರವನ್ನು ತೆಗೆದುಕೊಳ್ಳೋಣ. ಅದರ ಒಂದು ಸಾಲಿನಲ್ಲಿ ಐದು ಪಿಕ್ಸೆಲ್‌ಗಳನ್ನು ಮಾತ್ರ ನೋಡೋಣ. ಕಪ್ಪಿಗೆ 0, ಬೆಳಕು ಹೆಚ್ಚಿದಷ್ಟೂ ದೊಡ್ಡ ಅಂಕಿ ಎಂದು ಇಟ್ಟುಕೊಂಡರೆ ಆ ಸಾಲು 0, 0, 100, 0, 0 ಎಂದಾಗುತ್ತದೆ. ಕ್ಯಾಮೆರಾದ ಫೋಕಸ್ ಸ್ವಲ್ಪ ತಪ್ಪಿದೆ. ಹಾಗಾಗಿ ಪ್ರತಿ ಪಿಕ್ಸೆಲ್‌ನ ಬೆಳಕಿನಲ್ಲಿ ಅರ್ಧ ಅಲ್ಲೇ ಉಳಿದು, ಕಾಲು ಭಾಗ ಎಡಗಡೆಯ ಪಿಕ್ಸೆಲ್‌ಗೂ ಕಾಲು ಭಾಗ ಬಲಗಡೆಯದಕ್ಕೂ ಹೋಗುತ್ತದೆ. ಫೋಟೊದಲ್ಲಿ ಮೂಡುವುದು 0, 25, 50, 25, 0. ಚೂಪಾಗಿದ್ದ ಚುಕ್ಕೆ ಗುಡ್ಡದಂತೆ ಹರಡಿತು. ಮಸುಕು ಎಂದರೆ ಇಷ್ಟೇ.

ಇದನ್ನು ಗಣಿತದವರು ಬರೆಯುವ ರೀತಿ ಸರಳವಾಗಿದೆ. ಐದು ಪಿಕ್ಸೆಲ್‌ಗಳನ್ನು ಒಂದರ ಕೆಳಗೊಂದು ಬರೆದರೆ ಒಂದು ವೆಕ್ಟರ್ ಆಯಿತು. ಯಾವ ಪಿಕ್ಸೆಲ್‌ನಿಂದ ಎಷ್ಟು ಬೆಳಕು ಎಲ್ಲಿಗೆ ಹೋಯಿತು ಎಂಬ ಕೋಷ್ಟಕವೇ ಮ್ಯಾಟ್ರಿಕ್ಸ್, ಪಿಯುಸಿ ಪುಸ್ತಕದ ಮಾತೃಕೆ. ನಮ್ಮ ಮಸುಕಿನ ಮ್ಯಾಟ್ರಿಕ್ಸ್ ಹೀಗಿದೆ. ಪ್ರತಿ ಅಂಕಿಯನ್ನೂ 4ರಿಂದ ಭಾಗಿಸಿಕೊಳ್ಳಬೇಕು:

```
2 1 0 0 0
1 2 1 0 0
0 1 2 1 0
0 0 1 2 1
0 0 0 1 2
```

ಮೂರನೆಯ ಅಡ್ಡಸಾಲನ್ನು ಓದಿ. ಫೋಟೊದ ಮೂರನೆಯ ಪಿಕ್ಸೆಲ್ ಸಿಗಬೇಕಾದರೆ ಮೂಲದ ಎರಡನೆಯದರಲ್ಲಿ ಕಾಲು, ಮೂರನೆಯದರಲ್ಲಿ ಅರ್ಧ, ನಾಲ್ಕನೆಯದರಲ್ಲಿ ಕಾಲು ಭಾಗ ತೆಗೆದುಕೊಂಡು ಕೂಡಿಸಬೇಕು ಎಂದು ಅದು ಹೇಳುತ್ತದೆ. ಚಿತ್ರದ ಅಂಚಿನಾಚೆ ಪೂರ್ತಿ ಕಪ್ಪು ಎಂದು ಇಲ್ಲಿ ಊಹಿಸಿದ್ದೇವೆ. ನಿಜವಾದ ಫೋಟೊದಲ್ಲಿ ಚೌಕಟ್ಟಿನ ಹೊರಗಿನಿಂದಲೂ ಒಂದಿಷ್ಟು ಬೆಳಕು ಒಳಗೆ ಹರಡಿರುತ್ತದೆ. ಅದು ಬೇರೆಯೇ ತೊಡಕು, ಸದ್ಯಕ್ಕೆ ಬದಿಗಿಡೋಣ.

ಇಷ್ಟು ತಿಳಿದ ಮೇಲೆ ಯಾರಿಗಾದರೂ ಬರುವ ಪ್ರಶ್ನೆ ಒಂದೇ. ಮಸುಕು ಒಂದು ಮ್ಯಾಟ್ರಿಕ್ಸ್ ಆದರೆ ಅದರ ವಿಲೋಮವನ್ನು ಕಂಡುಹಿಡಿದು ಗುಣಿಸಿದರೆ ಸಾಕಲ್ಲವೇ? ಮೂಲ ಚಿತ್ರ ವಾಪಸ್ ಬರಬೇಕು. ಈ ಮ್ಯಾಟ್ರಿಕ್ಸ್‌ಗೆ ವಿಲೋಮ ಖಂಡಿತ ಇದೆ. ಅದರ ನಡುಸಾಲು 2, −4, 6, −4, 2. ಫೋಟೊದ 0, 25, 50, 25, 0ಗೆ ಇದನ್ನು ಹಚ್ಚಿ ನೋಡಿ: ಎರಡನೆಯದರಿಂದ −100, ಮೂರನೆಯದರಿಂದ 300, ನಾಲ್ಕನೆಯದರಿಂದ −100. ಕೂಡಿದರೆ 100. ನಡುವಿನ ಚುಕ್ಕೆ ಅದರ ಪೂರ್ತಿ ಬೆಳಕಿನೊಂದಿಗೆ ಮರಳಿತು. ಉಳಿದ ಸಾಲುಗಳಿಂದ ಸೊನ್ನೆಗಳೂ ಸರಿಯಾಗಿಯೇ ಬರುತ್ತವೆ.

ಈಗ ಒಂದು ಸಣ್ಣ ತಪ್ಪು ಆಗಲಿ. ಕ್ಯಾಮೆರಾ ನಡುವಿನ ಪಿಕ್ಸೆಲ್ ಅನ್ನು 50ರ ಬದಲು 51 ಎಂದು ಓದಿತು. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಅದೇ ವಿಲೋಮದಿಂದ ಗುಣಿಸಿದರೆ ಈಗ ಸಿಗುವುದು 2, −4, 106, −4, 2. ಒಂದು ಅಂಕಿಯ ತಪ್ಪು ನಡುವೆ ಆರಾಗಿ ಬೆಳೆಯಿತು, ಜೊತೆಗೆ ಸರಿಯಾಗಿದ್ದ ಅಕ್ಕಪಕ್ಕದವನ್ನೂ ಕೆಡಿಸಿತು. ಬೆಳಕು −4 ಎಂಬುದಕ್ಕೆ ಅರ್ಥವೇ ಇಲ್ಲ. ಆದರೂ ಐದೇ ಪಿಕ್ಸೆಲ್ ಇರುವಾಗ ಚುಕ್ಕೆ ಎಲ್ಲಿದೆ ಎಂದು ಗುರುತು ಹಿಡಿಯಬಹುದು. ಸಾಲನ್ನು ಉದ್ದ ಮಾಡಿದರೆ ಆ ಸಮಾಧಾನವೂ ಉಳಿಯುವುದಿಲ್ಲ.

ಸಾಲಿನಲ್ಲಿ 99 ಪಿಕ್ಸೆಲ್ ಇರಲಿ. ಮಸುಕು ಅದೇ, ಕಾಲು, ಅರ್ಧ, ಕಾಲು. ದೃಶ್ಯ ಒಂದು ಬೂದುಬಣ್ಣದ ಗೋಡೆ, ಪ್ರತಿ ಪಿಕ್ಸೆಲ್ 120. ನಡುವಿನ, ಅಂದರೆ 50ನೆಯ ಪಿಕ್ಸೆಲ್‌ನಲ್ಲಿ ಮಾತ್ರ ಒಂದು ಅಂಕಿ ಹೆಚ್ಚು ದಾಖಲಾಯಿತು. ಉಳಿದ 98 ಪಿಕ್ಸೆಲ್‌ಗಳೂ ಕರಾರುವಾಕ್ಕು. ವಿಲೋಮವನ್ನು ಹಚ್ಚಿದರೆ ಆ ಒಂದು ಅಂಕಿಯ ತಪ್ಪು ನಡುವೆ 100 ಆಗುತ್ತದೆ, ಅದರ ಪಕ್ಕದಲ್ಲಿ −98, ಆಮೇಲೆ 96, ಆಮೇಲೆ −94, ಹೀಗೆ ಎರಡೆರಡೇ ಇಳಿಯುತ್ತಾ ಅಂಚಿನವರೆಗೂ ಹಬ್ಬುತ್ತದೆ. 120ರ ಗೋಡೆ ನಡುವಿನಿಂದ ಆಚೆಗೆ 220, 22, 216, 26 ಎಂದು ಓದಿಸಿಕೊಳ್ಳುತ್ತದೆ. ನಯವಾದ ಗೋಡೆಯ ಜಾಗದಲ್ಲಿ ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟೆಗಳು. ಸಾಲಿನಲ್ಲಿ 999 ಪಿಕ್ಸೆಲ್ ಇದ್ದರೆ ಅದೇ ಒಂದು ಅಂಕಿ ನಡುವೆ 1000 ಆಗುತ್ತದೆ. ಸಾಮಾನ್ಯ ಫೋಟೊ ಫೈಲಿನಲ್ಲಿ ಒಂದು ಬಣ್ಣಕ್ಕೆ ಇರುವ ಅಳತೆಯೇ 0ಯಿಂದ 255ರವರೆಗೆ.

ಒಂದು ಅಂಕಿಯ ತಪ್ಪನ್ನು ತಡೆಯಲು ಸಾಧ್ಯವೇ? ಇಲ್ಲ. ಬೆಳಕಿನ ಮಟ್ಟವನ್ನು ಪೂರ್ಣಾಂಕಕ್ಕೆ ಇಳಿಸುವಾಗಲೇ ಅರ್ಧ ಅಂಕಿಯವರೆಗೆ ತಪ್ಪು ಸೇರುತ್ತದೆ. ಅದಕ್ಕೂ ಮೊದಲು ಬೆಳಕೇ ಕಣಕಣವಾಗಿ, ಅಂದರೆ ಫೋಟಾನ್‌ಗಳಾಗಿ ಬರುತ್ತದೆ. ಸರಾಸರಿ 10,000 ಫೋಟಾನ್ ದಾಖಲಾಗಬೇಕಾದ ಪಿಕ್ಸೆಲ್‌ನಲ್ಲಿ ಎಣಿಕೆ ಸುಮಾರು 100ರಷ್ಟು ಆಚೀಚೆ ಆಗುವುದು ಪ್ರಕೃತಿಯ ನಿಯಮ. ಎಂಥ ದುಬಾರಿ ಕ್ಯಾಮೆರಾ ತಂದರೂ ಅದು ಹೋಗುವುದಿಲ್ಲ. ಶೇಕಡಾ ಒಂದರಷ್ಟು ಆಯಿತು. 255ರ ಅಳತೆಯಲ್ಲಿ ಪ್ರಕಾಶಮಾನವಾದ ಜಾಗದಲ್ಲಿ ಎರಡೂವರೆ ಅಂಕಿ. ಮಬ್ಬು ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ಕಾಣುವ ಕಾಳುಕಾಳು ಇದೇ. ಇದನ್ನು ನಾಯ್ಸ್ ಎನ್ನುತ್ತಾರೆ.

ಇಷ್ಟು ಸಣ್ಣ ತಪ್ಪು ಇಷ್ಟು ದೊಡ್ಡದಾಗುವುದೇಕೆ ಎಂದು ತಿಳಿಯಲು ಇನ್ನೊಂದು ದೃಶ್ಯವನ್ನು ಅದೇ ಕ್ಯಾಮೆರಾದಲ್ಲಿ ತೆಗೆಯೋಣ. ಈ ಸಲ ಒಂದು ಬಿಟ್ಟು ಒಂದು ಪಿಕ್ಸೆಲ್ ಬೆಳ್ಳಗಿರುವ ಸಣ್ಣ ಪಟ್ಟೆಯ ಬಟ್ಟೆ: 0, 200, 0, 200, ಹೀಗೆ ಕೊನೆಯವರೆಗೆ. ಬೆಳ್ಳಗಿನ ಪಿಕ್ಸೆಲ್ ತನ್ನ ಅರ್ಧ, ಅಂದರೆ 100 ಉಳಿಸಿಕೊಳ್ಳುತ್ತದೆ. ಕಪ್ಪಾದ ನೆರೆಯವರಿಂದ ಅದಕ್ಕೆ ಏನೂ ಬರುವುದಿಲ್ಲ. ಕಪ್ಪು ಪಿಕ್ಸೆಲ್‌ಗೆ ಎರಡೂ ಕಡೆಯಿಂದ 50, 50 ಬಂದು 100 ಆಗುತ್ತದೆ. ಫೋಟೊದಲ್ಲಿ ಎಲ್ಲಾ ಕಡೆ 100. ಪಟ್ಟೆಯೇ ಇಲ್ಲದ, ಬರೀ 100ರ ಬೂದು ಬಟ್ಟೆಯನ್ನು ತೆಗೆದರೂ ಫೋಟೊದಲ್ಲಿ ಎಲ್ಲಾ ಕಡೆ 100. ಎರಡಕ್ಕೂ ವ್ಯತ್ಯಾಸ ಇರುವುದು ಸಾಲಿನ ಎರಡು ತುದಿಗಳಲ್ಲಿ ಮಾತ್ರ: ಪಟ್ಟೆ ಬಟ್ಟೆಯ ತುದಿಯಲ್ಲಿ 50, ಬೂದು ಬಟ್ಟೆಯ ತುದಿಯಲ್ಲಿ 75. ಇಡೀ ಬಟ್ಟೆಯಲ್ಲಿ ಪಟ್ಟೆ ಇದೆಯೋ ಇಲ್ಲವೋ ಎಂಬ ತೀರ್ಮಾನಕ್ಕೆ ಉಳಿದಿರುವ ಸಾಕ್ಷಿ ಆ ಎರಡು ಪಿಕ್ಸೆಲ್ ಅಷ್ಟೇ. ಗಣಿತದ ಕಣ್ಣಿಗೆ ಅವೆರಡು ಸಾಕು, ಆದ್ದರಿಂದಲೇ ವಿಲೋಮ ಎಂಬುದು ಇದೆ. ಅಷ್ಟು ಸಣ್ಣ ಸಾಕ್ಷಿಯ ಮೇಲೆ ಅಷ್ಟು ದೊಡ್ಡ ತೀರ್ಪು ನಿಂತಿರುವುದರಿಂದಲೇ ಅದನ್ನು ನಂಬುವಂತಿಲ್ಲ.

ಯಾವುದೇ ಚಿತ್ರವನ್ನು ಅಲೆಗಳ ಮೊತ್ತವಾಗಿ ಬಿಡಿಸಿ ಬರೆಯಬಹುದು. ನಿಧಾನವಾಗಿ ಏರಿ ಇಳಿಯುವ ಅಲೆಗಳು ಚಿತ್ರದ ದೊಡ್ಡ ಆಕಾರಗಳನ್ನು ಕೊಡುತ್ತವೆ, ಬೇಗಬೇಗ ಏರಿಳಿಯುವವು ಕೂದಲೆಳೆ, ಅಕ್ಷರದ ಅಂಚು, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮಗಳನ್ನು. ನಮ್ಮ ಮಸುಕಿನ ಮ್ಯಾಟ್ರಿಕ್ಸ್ ಯಾವ ಅಲೆಯ ಆಕಾರವನ್ನೂ ಬದಲಿಸುವುದಿಲ್ಲ, ಎತ್ತರವನ್ನು ಮಾತ್ರ ತಗ್ಗಿಸುತ್ತದೆ, ಒಂದೊಂದು ಅಲೆಯನ್ನು ಒಂದೊಂದು ಪ್ರಮಾಣದಲ್ಲಿ. 99 ಪಿಕ್ಸೆಲ್‌ಗಳ ಸಾಲಿನಲ್ಲಿ ಅತ್ಯಂತ ನಿಧಾನದ ಅಲೆ 0.99975 ಪಟ್ಟು ಆಗುತ್ತದೆ. ಕುಗ್ಗಿತು ಎನ್ನುವುದೇ ಕಷ್ಟ. ನಾಲ್ಕು ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಅಲೆ ಸರಿಯಾಗಿ ಅರ್ಧ. ಪಟ್ಟೆಯ ಬಟ್ಟೆಯಂತೆ ಪಿಕ್ಸೆಲ್ ಪಿಕ್ಸೆಲ್‌ಗೂ ಏರಿಳಿಯುವ ಅಲೆ 0.00025 ಪಟ್ಟು, ಅಂದರೆ ನಾಲ್ಕು ಸಾವಿರದಲ್ಲಿ ಒಂದು ಪಾಲು. ಈ ಗುಣಕಗಳಿಗೆ ಐಗನ್ ಮೌಲ್ಯಗಳು ಎಂದು ಹೆಸರು. ಮಸುಕನ್ನು ಹಿಂದಕ್ಕೆ ತಿರುಗಿಸಬೇಕಾದರೆ ಪ್ರತಿ ಅಲೆಯನ್ನೂ ಅದರ ಗುಣಕದಿಂದ ಭಾಗಿಸಬೇಕು. ಕೊನೆಯ ಅಲೆಯನ್ನು ನಾಲ್ಕು ಸಾವಿರ ಪಟ್ಟು ಹಿಗ್ಗಿಸಬೇಕು.

ನಾಯ್ಸ್ ಮಾತ್ರ ಈ ಮಸುಕಿನ ದಾರಿಯಲ್ಲಿ ಬಂದದ್ದಲ್ಲ. ಮಸೂರ ಬೆಳಕನ್ನು ಹರಡಿದ ಮೇಲೆ, ಸೆನ್ಸರ್‌ನಲ್ಲಿ ಎಣಿಸುವಾಗ ಅದು ಸೇರಿಕೊಂಡಿತು. ಹಾಗಾಗಿ ನಿಧಾನದ ಅಲೆ, ವೇಗದ ಅಲೆ ಎಂಬ ಭೇದವಿಲ್ಲದೆ ಎಲ್ಲದರಲ್ಲೂ ಸರಿಸುಮಾರು ಒಂದೇ ಸಮ ಕೂತಿರುತ್ತದೆ. ವೇಗದ ಅಲೆಗಳಲ್ಲಿ ನಿಜವಾದ ಚಿತ್ರ ಸಾವಿರಾರು ಪಾಲು ಕುಗ್ಗಿ ನಾಯ್ಸ್‌ನ ಅಡಿಯಲ್ಲಿ ಹೂತುಹೋಗಿದೆ. ಹಿಗ್ಗಿಸುವ ಲೆಕ್ಕಕ್ಕೆ ಯಾವುದು ಚಿತ್ರ, ಯಾವುದು ನಾಯ್ಸ್ ಎಂಬುದು ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ನಾಲ್ಕು ಸಾವಿರ ಪಟ್ಟು ಮಾಡುತ್ತದೆ.

ಅತಿ ದೊಡ್ಡ ಗುಣಕವನ್ನು ಅತಿ ಚಿಕ್ಕದರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಕಂಡಿಷನ್ ನಂಬರ್ ಎನ್ನುತ್ತಾರೆ. ನಮ್ಮ 99 ಪಿಕ್ಸೆಲ್‌ಗಳ ಸಾಲಿಗೆ ಅದು ಸುಮಾರು 4050. ಅಳತೆಯಲ್ಲಿನ ಶೇಕಡಾವಾರು ತಪ್ಪು ಉತ್ತರದಲ್ಲಿ ಹೆಚ್ಚೆಂದರೆ ಎಷ್ಟು ಪಟ್ಟು ಆಗಬಹುದು ಎಂದು ಅದು ಹೇಳುತ್ತದೆ. ಲಾರಿಯ ಮುಂದೆ ಕಟ್ಟಿದ ನಿಂಬೆಹಣ್ಣಿನ ತೂಕ ಬೇಕೆಂದು ವೇಬ್ರಿಡ್ಜ್ ಮೇಲೆ ಹಣ್ಣಿನ ಸಮೇತ ಒಮ್ಮೆ, ಹಣ್ಣು ಬಿಚ್ಚಿ ಇನ್ನೊಮ್ಮೆ ಲಾರಿಯನ್ನು ತೂಗಿ ಕಳೆದ ಹಾಗೆ. ಕಳೆಯುವ ಲೆಕ್ಕದಲ್ಲಿ ದೋಷವಿಲ್ಲ, ಯಂತ್ರವೂ ಲಾರಿಯ ಮಟ್ಟಿಗೆ ಸರಿಯಾಗಿಯೇ ತೂಗಿದೆ; ಆದರೆ ಐದು ಹತ್ತು ಕಿಲೋ ಆಚೀಚೆ ಆಗುವ ಕಡೆ ಹಣ್ಣಿನ ತೂಕಕ್ಕೆ ಸಿಗುವ ಉತ್ತರ ಎಷ್ಟಾದರೂ ಇರಬಹುದು. ಪಕ್ಕದ ಪಿಕ್ಸೆಲ್‌ಗಳ ನಡುವಿನ ಸೂಕ್ಷ್ಮ ವ್ಯತ್ಯಾಸ ಆ ನಿಂಬೆಹಣ್ಣು.

ಇದು ಒಂದೇ ಸಾಲಿನ ಕಥೆ. ಚಿತ್ರಕ್ಕೆ ಉದ್ದವೂ ಇದೆ, ಅಗಲವೂ ಇದೆ. ಇದೇ ಮಸುಕು ಅಡ್ಡಕ್ಕೂ ಉದ್ದಕ್ಕೂ ಆದರೆ ಕಂಡಿಷನ್ ನಂಬರ್ ವರ್ಗವಾಗುತ್ತದೆ. 99ಕ್ಕೆ 99ರ ಪುಟ್ಟ ಚಿತ್ರಕ್ಕೇ ಅದು ಒಂದೂವರೆ ಕೋಟಿ ದಾಟುತ್ತದೆ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ಎಂದರೆ 1.2 ಕೋಟಿ ಅಂಕಿಗಳ ವೆಕ್ಟರ್. ಅದರ ಮಸುಕಿನ ಮ್ಯಾಟ್ರಿಕ್ಸ್‌ನಲ್ಲಿ 144 ಲಕ್ಷ ಕೋಟಿ ಮನೆಗಳು. ಬಹುಪಾಲು ಸೊನ್ನೆ, ಆದ್ದರಿಂದ ಅದನ್ನು ಯಾರೂ ಬರೆದಿಡುವುದಿಲ್ಲ. ಒಂದು ಚುಕ್ಕೆ ಹೇಗೆ ಹರಡುತ್ತದೆ ಎಂಬ ಒಂದು ಪುಟ್ಟ ನಮೂನೆ ಗೊತ್ತಿದ್ದರೆ ಇಡೀ ಮ್ಯಾಟ್ರಿಕ್ಸ್ ಗೊತ್ತಿದ್ದಂತೆಯೇ. ಗಾತ್ರ ಇಲ್ಲಿ ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಸೊನ್ನೆಗೆ ಹತ್ತಿರವಾದ ಗುಣಕಗಳಲ್ಲಿ.

ಚಿತ್ರ ಕೆಟ್ಟು ಕಾಣುವುದಕ್ಕೂ ಚಿತ್ರದ ಮಾಹಿತಿ ಹೋಗುವುದಕ್ಕೂ ಸಂಬಂಧ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು. 2007ರಲ್ಲಿ ಇಂಟರ್‌ಪೋಲ್ ಹುಡುಕುತ್ತಿದ್ದ ಒಬ್ಬ ಅಪರಾಧಿ ತನ್ನ ಫೋಟೊಗಳಲ್ಲಿ ಮುಖವನ್ನು ಸುಳಿಯಂತೆ ತಿರುಚಿ ಗುರುತು ಸಿಗದಂತೆ ಮಾಡಿದ್ದ. ಜರ್ಮನಿಯ ಪೊಲೀಸರು ಆ ಸುಳಿಯನ್ನು ಬಿಚ್ಚಿ ಮುಖ ಹೊರತೆಗೆದರು, ಅದೇ ವರ್ಷ ಆತ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದ. ಸುಳಿ ಪಿಕ್ಸೆಲ್‌ಗಳನ್ನು ಬಹುಮಟ್ಟಿಗೆ ಜಾಗ ಬದಲಿಸುತ್ತದೆ, ಒಂದರೊಳಗೊಂದು ಬೆರೆಸುವುದು ಬಹಳ ಕಡಿಮೆ. ಅಂಥ ಮ್ಯಾಟ್ರಿಕ್ಸ್‌ನ ಕಂಡಿಷನ್ ನಂಬರ್ ಚಿಕ್ಕದು. ಕಣ್ಣಿಗೆ ಎಷ್ಟೋ ಸೌಮ್ಯವಾಗಿ ಕಾಣುವ ಮಸುಕು ಅದಕ್ಕಿಂತ ಎಷ್ಟೋ ಹೆಚ್ಚು ಹಾಳು ಮಾಡಿರುತ್ತದೆ.

ಮಸುಕು ತೆಗೆದ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಸಹಜವಾಗಿ ಹೊಳೆಯುವ ದಾರಿಯೂ ಇಲ್ಲಿ ಕೈಕೊಡುತ್ತದೆ. ಸಿಕ್ಕ ಉತ್ತರವನ್ನು ಮತ್ತೆ ಮಸುಕು ಮಾಡಿ, ಕೈಯಲ್ಲಿರುವ ಫೋಟೊಕ್ಕೆ ಹೋಲಿಸಿದರೆ ಆಯಿತಲ್ಲ? ನಮ್ಮ 2, −4, 106, −4, 2ನ್ನು ಮತ್ತೆ ಮಸುಕು ಮಾಡಿ ನೋಡಿ: 0, 25, 51, 25, 0. ಕ್ಯಾಮೆರಾ ಕೊಟ್ಟದ್ದು ಅಕ್ಷರಶಃ ಅದೇ. ಪಟ್ಟೆ ಪಟ್ಟೆಯಾದ ಗೋಡೆಯೂ ಮಸುಕು ಮಾಡಿದೊಡನೆ ನಯವಾದ ಗೋಡೆಯಾಗಿ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹೊಂದಾಣಿಕೆ ಅಷ್ಟು ಪಕ್ಕಾ ಆಗಿರುವುದೇ ಅನುಮಾನಕ್ಕೆ ಕಾರಣವಾಗಬೇಕು. ಫೋಟೊದಲ್ಲಿ ನಾಯ್ಸ್ ಇರುವುದು ಖಚಿತವಾಗಿರುವಾಗ, ಉತ್ತರ ಆ ನಾಯ್ಸ್‌ನ ಪ್ರತಿ ಕಾಳನ್ನೂ ದೃಶ್ಯದ ಭಾಗವೆಂದು ವಿವರಿಸಿಬಿಟ್ಟಿದೆ ಎಂದೇ ಅರ್ಥ.

ಇಲ್ಲಿಂದ ಹೊರಬರುವ ಒಂದು ದಾರಿಯನ್ನು ರಷ್ಯಾದ ಗಣಿತಜ್ಞ ಆಂದ್ರೆ ತಿಖೊನೊವ್ 1963ರಲ್ಲಿ ವ್ಯವಸ್ಥಿತವಾಗಿ ಮುಂದಿಟ್ಟರು. ಗುಣಕ s ಇರುವ ಅಲೆಯನ್ನು 1/s ಪಟ್ಟು ಹಿಗ್ಗಿಸುವ ಬದಲು s/(s² + a) ಪಟ್ಟು ಮಾತ್ರ ಹಿಗ್ಗಿಸಿ ಎಂಬುದು ಅದರ ತಿರುಳು. a ಎಂಬುದು ನಾವು ಆರಿಸುವ ಸಣ್ಣ ಸಂಖ್ಯೆ. ಅದು 0.01 ಇರಲಿ. ಗುಣಕ 0.5 ಇರುವ ಅಲೆಗೆ 2 ಪಟ್ಟಿನ ಬದಲು 1.92 ಪಟ್ಟು ಸಿಗುತ್ತದೆ; ಹೆಚ್ಚೇನೂ ನಷ್ಟವಿಲ್ಲ. ಗುಣಕ 0.00025ರ ಅಲೆಗೆ ನಾಲ್ಕು ಸಾವಿರ ಪಟ್ಟಿನ ಬದಲು 0.025 ಪಟ್ಟು. ಅಂದರೆ ಆ ಅಲೆಯನ್ನು ಮರಳಿ ಪಡೆಯುವ ಆಸೆಯನ್ನೇ ಬಿಟ್ಟಂತೆ. ಯಾವ ಅಲೆಯೂ 5 ಪಟ್ಟಿಗಿಂತ ಹೆಚ್ಚು ಹಿಗ್ಗುವುದಿಲ್ಲ, ನಾಯ್ಸ್ ಕೂಡ. a ತೀರಾ ಚಿಕ್ಕದಾದರೆ ಕಾಳುಕಾಳು ಎದ್ದುಬರುತ್ತದೆ, ತೀರಾ ದೊಡ್ಡದಾದರೆ ಚಿತ್ರ ಮಸುಕಾಗಿಯೇ ಉಳಿಯುತ್ತದೆ. ಉತ್ತರವನ್ನು ಮತ್ತೆ ಮಸುಕು ಮಾಡಿದಾಗ ಫೋಟೊಕ್ಕೂ ಅದಕ್ಕೂ ಉಳಿಯುವ ವ್ಯತ್ಯಾಸ ಕ್ಯಾಮೆರಾದ ನಾಯ್ಸ್‌ನಷ್ಟೇ ಇರಬೇಕು, ಕಡಿಮೆಯೂ ಬೇಡ ಹೆಚ್ಚೂ ಬೇಡ ಎಂಬುದು a ಆರಿಸುವ ಒಂದು ಒಳ್ಳೆಯ ಮಾನದಂಡ. ನನ್ನ ಮಟ್ಟಿಗೆ ಇದು ಪ್ರಾಮಾಣಿಕವಾದ ವಿಧಾನ: ಏನನ್ನು ತಿಳಿಯಲಾಗದೋ ಅದನ್ನು ಖಾಲಿ ಬಿಡುತ್ತದೆ.

ಈ ಎಲ್ಲವೂ ಒಂದೇ ಕಡೆ, ದೊಡ್ಡ ಪ್ರಮಾಣದಲ್ಲಿ ನಡೆದದ್ದು ಹಬಲ್ ದೂರದರ್ಶಕದಲ್ಲಿ. 1990ರ ಏಪ್ರಿಲ್‌ನಲ್ಲಿ ಅದು ಕಕ್ಷೆಗೆ ಹೋಯಿತು, ಜೂನ್ ಹೊತ್ತಿಗೆ ಚಿತ್ರಗಳು ಮಸುಕು ಎಂಬುದು ಖಚಿತವಾಯಿತು. 2.4 ಮೀಟರ್ ಅಗಲದ ಕನ್ನಡಿಯನ್ನು ಉಜ್ಜುವಾಗ ಅದರ ಆಕಾರ ಪರೀಕ್ಷಿಸುವ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತಿತ್ತು. ಪರಿಣಾಮ, ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಮೀಟರಿನ ಹತ್ತು ಲಕ್ಷದ ಎರಡು ಪಾಲಿನಷ್ಟು ಚಪ್ಪಟೆಯಾಯಿತು. ನಕ್ಷತ್ರದ ಬೆಳಕಿನಲ್ಲಿ ಶೇಕಡಾ 70ರಷ್ಟು ನಡುವಿನ ಪುಟ್ಟ ಬಿಂದುವಿನಲ್ಲಿ ಬೀಳಬೇಕಿತ್ತು. ಬಿದ್ದದ್ದು ಸುಮಾರು 15. ಉಳಿದದ್ದು ಸುತ್ತ ಪ್ರಭೆಯಾಗಿ ಹರಡಿತು.

ಮಸುಕಿನ ನಮೂನೆ ಒಂಟಿ ನಕ್ಷತ್ರಗಳ ಚಿತ್ರಗಳಿಂದಲೇ ಸಿಗುತ್ತಿದ್ದುದರಿಂದ ಖಗೋಳಜ್ಞರು ಕಂಪ್ಯೂಟರಿನಲ್ಲಿ ಮಸುಕು ಬಿಡಿಸಲು ಕೂತರು. ಹೆಚ್ಚಾಗಿ ಬಳಸಿದ್ದು ರಿಚರ್ಡ್‌ಸನ್ 1972ರಲ್ಲಿ, ಲೂಸಿ 1974ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ್ದ ವಿಧಾನವನ್ನು. ಒಂದು ಊಹೆಯಿಂದ ಹೊರಟು, ಅದನ್ನು ಮಸುಕು ಮಾಡಿ, ಫೋಟೊಕ್ಕೆ ಹೋಲಿಸಿ, ತಿದ್ದಿ, ಮತ್ತೆ ಅದನ್ನೇ ಮಾಡುತ್ತಾ ಹೋಗುವ ವಿಧಾನವದು. ಬೆಳಕು ಎಲ್ಲೂ ಸೊನ್ನೆಗಿಂತ ಕೆಳಗಿಳಿಯದಂತೆ ಅದರ ತಿದ್ದುಪಡಿಯ ಕ್ರಮವೇ ನೋಡಿಕೊಳ್ಳುತ್ತದೆ. ಮೊದಲ ಸುತ್ತುಗಳಲ್ಲಿ ನಿಧಾನದ ಅಲೆಗಳು ಸರಿಹೋಗುತ್ತವೆ, ಆಮೇಲಿನ ಸುತ್ತುಗಳಲ್ಲಿ ವೇಗದವು. ಹಾಗಾಗಿ ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಇಲ್ಲಿ a ಮಾಡುವ ಕೆಲಸವನ್ನು ಮಾಡುತ್ತದೆ. ನಿಲ್ಲಿಸದೆ ಮುಂದುವರಿಸಿದರೆ ನಯವಾದ ಗ್ಯಾಲಕ್ಸಿಯ ಮೈಮೇಲೆ ಇಲ್ಲದ ಚುಕ್ಕೆಗಳ ಗುಂಪು ಮೂಡುತ್ತದೆ, ನೋಡಿದವರಿಗೆ ನಕ್ಷತ್ರಗಳೆಂದೇ ಅನಿಸುವ ಹಾಗೆ.

ಹಬಲ್‌ನ ಮಸುಕಿಗೆ ಒಂದು ಅದೃಷ್ಟವಿತ್ತು. ನಡುಬಿಂದುವಿನಲ್ಲಿ ಬಿದ್ದ ಆ 15 ಪಾಲು ಬೆಳಕು ಚೂಪಾಗಿಯೇ ಇತ್ತು. ಹಾಗಾಗಿ ವೇಗದ ಅಲೆಗಳು ಕುಗ್ಗಿದ್ದರೂ ಇಲ್ಲವಾಗಿರಲಿಲ್ಲ, ಗುಣಕಗಳು ಸೊನ್ನೆಯ ತನಕ ಇಳಿದಿರಲಿಲ್ಲ. ಗ್ರಹಗಳಂಥ, ಬೆಳಕು ಧಾರಾಳವಾಗಿರುವ ವಸ್ತುಗಳ ಚಿತ್ರಗಳು ಚೆನ್ನಾಗಿಯೇ ತೆರೆದುಕೊಂಡವು. ದೂರದ ಮಂಕಾದ ಗ್ಯಾಲಕ್ಸಿಗಳಲ್ಲಿ ಮಾತ್ರ ಕುಗ್ಗಿದ ಆ ಅಲೆಗಳು ನಾಯ್ಸ್‌ಗಿಂತ ಕೆಳಗಿದ್ದವು. ಅಲ್ಲಿ ಯಾವ ಲೆಕ್ಕಾಚಾರವೂ ನಡೆಯಲಿಲ್ಲ. ಅದಕ್ಕಾಗಿಯೇ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಕನ್ನಡಿಯ ತಪ್ಪಿಗೆ ಸರಿಯಾಗಿ ಉಲ್ಟಾ ಆಕಾರದ ಪುಟ್ಟ ಕನ್ನಡಿಗಳನ್ನು ಅಳವಡಿಸಿದರು. ಅವು ಮಾಡಿದ್ದೂ ವಿಲೋಮದ ಕೆಲಸವೇ, ಆದರೆ ಬೆಳಕು ಡಿಟೆಕ್ಟರಿಗೆ ಬೀಳುವ ಮೊದಲು. ನಾಯ್ಸ್ ಇನ್ನೂ ಹುಟ್ಟೇ ಇರಲಿಲ್ಲವಾದ್ದರಿಂದ ಹಿಗ್ಗಲು ಅಲ್ಲಿ ಏನೂ ಇರಲಿಲ್ಲ.

ಫೋಟೊ ತೆಗೆಯುವ ಮೊದಲೇ ಮ್ಯಾಟ್ರಿಕ್ಸ್ ಅನ್ನು ಒಳ್ಳೆಯದಾಗಿ ಮಾಡಿಕೊಳ್ಳುವ ಈ ಯೋಚನೆಗೆ ಇನ್ನೊಂದು ಚೆಂದದ ರೂಪವಿದೆ. ಓಡುವ ಕಾರಿನ ನಂಬರ್ ಪ್ಲೇಟ್ ಮಸುಕಾಗುವುದು ಶಟರ್ ತೆರೆದಿರುವಷ್ಟು ಹೊತ್ತು ಬೆಳಕು ಒಂದೇ ದಿಕ್ಕಿಗೆ ಸಮನಾಗಿ ಬಳಿದುಹೋಗುವುದರಿಂದ. ಹತ್ತು ಪಿಕ್ಸೆಲ್‌ನಷ್ಟು ಬಳಿದರೆ, ಹತ್ತು ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಅಲೆಯ ಏರು ಇಳಿತಗಳು ಒಂದಕ್ಕೊಂದು ವಜಾ ಆಗಿ ಉಳಿಯುವುದು ಸೊನ್ನೆ. ಐದು ಪಿಕ್ಸೆಲ್‌ಗೊಮ್ಮೆ ಮರುಕಳಿಸುವುದೂ ಹಾಗೆಯೇ. ಸೊನ್ನೆಯಿಂದ ಭಾಗಿಸುವ ಮಾತೇ ಇಲ್ಲ, ಆ ಅಲೆಗಳು ಫೋಟೊದಲ್ಲಿ ಇಲ್ಲವೇ ಇಲ್ಲ. 2006ರಲ್ಲಿ ರಮೇಶ್ ರಸ್ಕರ್, ಅಮಿತ್ ಅಗ್ರವಾಲ್ ಮತ್ತು ಜ್ಯಾಕ್ ಟಂಬ್ಲಿನ್ ಶಟರನ್ನು ಒಮ್ಮೆ ತೆರೆದು ಮುಚ್ಚುವ ಬದಲು, ಅದೇ ಅವಧಿಯನ್ನು 52 ಚೂರು ಮಾಡಿ, ಹುಡುಕಿ ಆರಿಸಿದ ಒಂದು ಏರುಪೇರಾದ ಕ್ರಮದಲ್ಲಿ ಪಟಪಟನೆ ತೆರೆದು ಮುಚ್ಚಿಸಿದರು. ಬೆಳಕು ಸಮನಾಗಿ ಬಳಿಯುವ ಬದಲು ತುಂಡುತುಂಡಾಗಿ ಬಿದ್ದಿತು, ಯಾವ ಅಲೆಯೂ ಪೂರ್ತಿ ವಜಾ ಆಗಲಿಲ್ಲ. ಹಾಗೆ ತೆಗೆದ ಫೋಟೊ ಕಣ್ಣಿಗೆ ಮೊದಲಿನಷ್ಟೇ ಮಸುಕು. ಅರ್ಧ ಹೊತ್ತು ಶಟರ್ ಮುಚ್ಚಿರುವುದರಿಂದ ಬೆಳಕೂ ಅರ್ಧ ನಷ್ಟ. ಕಾರು ಯಾವ ದಿಕ್ಕಿಗೆ, ಎಷ್ಟು ಪಿಕ್ಸೆಲ್ ಸರಿಯಿತು ಎಂಬುದೂ ಗೊತ್ತಿರಬೇಕು. ಅಷ್ಟು ಗೊತ್ತಿದ್ದರೆ ಮ್ಯಾಟ್ರಿಕ್ಸ್‌ನ ವಿಲೋಮವನ್ನು ನೇರವಾಗಿ ಹಚ್ಚಿದರೂ ಪಟ್ಟೆಗಳು ಏಳದೆ ಅಕ್ಷರಗಳು ಓದುವಂತೆ ಬರುತ್ತವೆ.